ಆಚಂದ್ರಾರ್ಕತಾರಂಬರಂ: ಕೂಡಿಸಿ ಬರೆಯುವುದೋ, ಬಿಡಿಸಿ ಬರೆಯುವುದೋ

ಚಿತ್ರದುರ್ಗ ಸೀಮೆಯ ಶಾಸನಗಳನ್ನು ಓದಬಯಸುವವರು ಮೊದಲು ಕೈಗೆತ್ತಿಕೊಳ್ಳುವುದು ಬಿ.ಎಲ್. ರೈಸ್ ಅವರು 1903ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟವನ್ನು. ಅಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಹಿರಿಯೂರು ಇಷ್ಟು, ಹೊಳಲ್ಕೆರೆ ಇಷ್ಟು, ಹೊಸದುರ್ಗ ಇಷ್ಟು ಎಂದು ಸಂಶೋಧಕರು ಇಂದಿಗೂ ಆ ಸಂಖ್ಯೆಗಳನ್ನೇ ಹೇಳುತ್ತಾರೆ. ಈ ಸಂಪುಟದ ರೋಮನ್ ಲಿಪ್ಯಂತರವನ್ನು ನೋಡಿದರೆ ಪದಗಳು ಒಂದರಿಂದೊಂದು ಬೇರ್ಪಟ್ಟು ನಿಂತಿರುತ್ತವೆ. ಕಲ್ಲಿನ ಮುಂದೆ ನಿಂತರೆ ಹಾಗಿಲ್ಲ. ಅಕ್ಷರದ ಪಕ್ಕಕ್ಕೆ ಅಕ್ಷರ ಬರುತ್ತದೆ, ಸಾಲು ಮುಗಿದಲ್ಲಿ ಪದ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ, ಪದ್ಯದ ಕೊನೆಯಲ್ಲಿ ಒಂದೋ ಎರಡೋ ಗೆರೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪದ ಪದಗಳ ನಡುವಿನ ತೆರಪನ್ನು ಕಂಡರಣೆಕಾರನು ಕೊಟ್ಟಿಲ್ಲ, ಓದಿದವನು ಕೊಟ್ಟಿದ್ದಾನೆ.

ಅವ್ಯಯಗಳನ್ನೂ ವಿಭಕ್ತಿಯಂತೆ ಕೆಲಸ ಮಾಡುವ ಚಿಕ್ಕ ಪದಗಳನ್ನೂ ಹಿಂದಿನ ಪದಕ್ಕೆ ಸೇರಿಸಿ ಬರೆಯಬೇಕೆ, ಬಿಡಿಸಿ ಬರೆಯಬೇಕೆ ಎಂಬ ಪ್ರಶ್ನೆಯನ್ನು ಈಗ ಸಾಮಾನ್ಯವಾಗಿ ಕಾಗುಣಿತದ ಪ್ರಶ್ನೆಯೆಂದೋ ಅಚ್ಚಿನ ಶಿಸ್ತಿನ ಪ್ರಶ್ನೆಯೆಂದೋ ಭಾವಿಸುತ್ತಾರೆ. ಶಾಸನಪಾಠದ ಕಡೆಯಿಂದ ನೋಡಿದರೆ ಅದು ಅರ್ಥನಿರ್ಣಯದ ಪ್ರಶ್ನೆ. ಇದನ್ನು ತೋರಿಸಲು ಅಪೂರ್ವವಾದ ಪಾಠವೇನೂ ಬೇಕಿಲ್ಲ. ನೊಳಂಬವಾಡಿಯ ಭಾಗವಾಗಿದ್ದ ಈ ಸೀಮೆಯಲ್ಲಿ ಮಾತ್ರವಲ್ಲ, ಚಾಲುಕ್ಯ ಹೊಯ್ಸಳರ ಕಾಲದ ಕನ್ನಡನಾಡಿನಲ್ಲೆಲ್ಲ ಮತ್ತೆ ಮತ್ತೆ ಬರುವ ಒಂದು ಒಕ್ಕಣೆ ಸಾಕು. ಆಳುವ ಅರಸನ ಬಿರುದುಗಳಾದ ಮೇಲೆ, ದಾನದ ವಿವರ ಬರುವುದಕ್ಕೆ ಮೊದಲು, ಅವನ ವಿಜಯರಾಜ್ಯವು

ಪ್ರವರ್ಧಮಾನಮಾಚಂದ್ರಾರ್ಕತಾರಂಬರಂಸಲುತ್ತಮಿರೆ

ಎಂದು ಬರುತ್ತದೆ. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನ ದ್ವಿತ್ವವಾಗಿ 'ರ್ಕ್ಕ' ಎಂದಿರುವುದೇ ಹೆಚ್ಚು. ಇಲ್ಲಿ ಓದಿನ ಅನುಕೂಲಕ್ಕಾಗಿ ಇಂದಿನ ರೂಪವನ್ನಿಟ್ಟಿದೆ. 'ಬೆಳೆಯುತ್ತ, ಚಂದ್ರ ಸೂರ್ಯ ನಕ್ಷತ್ರಗಳಿರುವವರೆಗೆ ಸಲ್ಲುತ್ತಿರಲು' ಎಂಬುದು ತಾತ್ಪರ್ಯ. ಎಲ್ಲರಿಗೂ ಪರಿಚಿತವಾದ ಮಾತಾದುದರಿಂದ ಓದುವವರು ಇಲ್ಲಿ ನಿಲ್ಲುವುದಿಲ್ಲ. ನಿಂತು ನೋಡಿದರೆ ಇಷ್ಟೇ ಉದ್ದದ ಮಾತಿನಲ್ಲಿ ತೆರಪಿನ ಪ್ರಶ್ನೆ ನಾಲ್ಕು ಕಡೆ ಏಳುತ್ತದೆ.

ಮೊದಲನೆಯದು 'ಮಾ' ಎಂಬ ಅಕ್ಷರ. ಅದರೊಳಗೆ ಹಿಂದಿನ ಪದದ ಕೊನೆಯ ಮಕಾರವೂ ಮುಂದಿನ ಪದದ ಮೊದಲ ಆಕಾರವೂ ಬೆರೆತಿವೆ. ರೋಮನ್ ಲಿಪಿಯಲ್ಲಿ ಈ ಎರಡರ ನಡುವೆ ಒಂದು ಅಡ್ಡಗೆರೆ ಹಾಕಿದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಹಾಗೆ ಮಾಡಲಾಗದು, ಏಕೆಂದರೆ ಒಂದು ಅಕ್ಷರದ ಹೊಟ್ಟೆಯೊಳಗೆ ತೆರಪು ಕೊಡುವ ದಾರಿ ನಮ್ಮ ಲಿಪಿಯಲ್ಲಿಲ್ಲ. ಬಿಡಿಸಲೇಬೇಕೆಂದರೆ 'ಪ್ರವರ್ಧಮಾನಂ ಆಚಂದ್ರಾರ್ಕ' ಎಂದು ಮಕಾರವನ್ನು ಬಿಂದುವಾಗಿಸಿ ಆಕಾರವನ್ನು ಸ್ವತಂತ್ರಾಕ್ಷರವಾಗಿಸಬೇಕು. ಅಂದರೆ ಕಲ್ಲಿನಲ್ಲಿಲ್ಲದ ಎರಡು ಅಕ್ಷರಗಳನ್ನು ಬರೆಯಬೇಕು. ಕನ್ನಡದಲ್ಲಿ ಸಂಧಿಯಾದ ಕಡೆ ತೆರಪು ಕೊಡುವುದೆಂದರೆ ಬರಿಯ ಖಾಲಿ ಜಾಗ ಬಿಡುವುದಲ್ಲ, ಸಂಧಿಯನ್ನು ಬಿಡಿಸಿ ಪಾಠವನ್ನು ತಿದ್ದಿ ಬರೆಯುವುದು. ಮುಂದಿನ ಚರ್ಚೆಗೆಲ್ಲ ಇದೇ ಬುಡ.

ಎರಡನೆಯದು ಹೀಗೆ ಹೊರಬಂದ 'ಆ'. ಅದು ಸಂಸ್ಕೃತದ ಆಙ್ ಎಂಬ ಅವ್ಯಯ. ಮರ್ಯಾದೆ, ಅಭಿವಿಧಿ ಎಂಬ ಅರ್ಥಗಳಲ್ಲಿ, ಎಂದರೆ 'ಅಲ್ಲಿಯವರೆಗೆ' ಎಂಬ ಭಾವದಲ್ಲಿ, ಅದು ಮುಂದಿನ ಪದದೊಡನೆ ಕೂಡಿ ಅವ್ಯಯೀಭಾವ ಸಮಾಸವಾಗುತ್ತದೆ. ಆಜೀವ, ಆಮರಣ ಎಂಬ ಪದಗಳಲ್ಲಿರುವುದೂ ಇದೇ. ಆದರೆ ಕನ್ನಡಕ್ಕೆ ತನ್ನದೇ ಆದ ಇನ್ನೊಂದು 'ಆ' ಉಂಟು. ಅದು ದೂರದ ವಸ್ತುವನ್ನು ತೋರಿಸುವ ನಿರ್ದೇಶಕ. 'ಆ ಊರು', 'ಆ ಕಲ್ಲು' ಎಂಬಲ್ಲಿ ಅದು ಬೇರೆಯಾಗಿಯೇ ನಿಲ್ಲುತ್ತದೆ. ಮುಂದೆ ಸ್ವರವಿದ್ದರೂ ಸಂಧಿಯಾಗುವುದಿಲ್ಲ. ಆದ್ದರಿಂದ 'ಆಮರಣ' ಎಂದರೆ ಸಾಯುವವರೆಗೆ. 'ಆ ಮರಣ' ಎಂದರೆ ಯಾರದೋ ಒಂದು ಸಾವು. 'ಆ ಚಂದ್ರಾರ್ಕತಾರಂ' ಎಂದು ತೆರಪು ಕೊಟ್ಟು ಅಚ್ಚಿಸಿದರೆ 'ಆ ಚಂದ್ರ, ಆ ಸೂರ್ಯ' ಎಂದು ಬೆರಳು ತೋರಿಸಿದಂತಾಗುತ್ತದೆ. ತೆರಪೊಂದರಿಂದ ಸಂಸ್ಕೃತದ ಅವ್ಯಯ ಕನ್ನಡದ ಸರ್ವನಾಮವಾಗಿಬಿಡುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಸ್ವಾರಸ್ಯವಾದುದು. 'ತಾರಂಬರಂ' ಎಂಬುದನ್ನು ಹೇಗೆ ಒಡೆಯಬೇಕು? ಸಂಸ್ಕೃತದ ಕಿವಿಗೆ 'ಅಂಬರ' ಎಂಬ ಪದ ತಟ್ಟನೆ ಕೇಳಿಸುತ್ತದೆ. ಚಂದ್ರ, ಸೂರ್ಯ, ತಾರೆಗಳ ಜೊತೆಗೆ ಆಕಾಶವೂ ಬಂದರೆ ಅರ್ಥವೇನೂ ಕೆಡುವುದಿಲ್ಲವಲ್ಲ ಎನಿಸುತ್ತದೆ. ಆದರೆ ಹಾಗಿದ್ದರೆ ಸವರ್ಣದೀರ್ಘವಾಗಿ 'ತಾರಾಂಬರಂ' ಎಂದಿರಬೇಕಾಗಿತ್ತು. ರಕಾರವು ಹ್ರಸ್ವವಾಗಿರುವುದೇ ಆ ಬಿಡಿಕೆ ಸಲ್ಲದೆಂಬುದಕ್ಕೆ ಸಾಕ್ಷಿ. ಕಂಡರಣೆಕಾರನೇ ಅದನ್ನು ದೀರ್ಘಮಾಡಿದ್ದರೆ, ಅವನ ಕಿವಿಗೂ ಅಂಬರವೇ ಕೇಳಿಸಿತೆಂದು ತಿಳಿಯಬೇಕು. ಸರಿಯಾದ ಬಿಡಿಕೆ 'ತಾರಂ ಬರಂ'. ಈ 'ಬರಂ' ಹಳಗನ್ನಡದ ಅವ್ಯಯ. 'ವರಂ' ಎಂಬ ರೂಪವೂ ಉಂಟು. ನಾವು ಇಂದು ಬಳಸುವ 'ವರೆಗೆ', 'ವರೆಗೂ' ಎಂಬವು ಇದರ ಬಳಗದವು. ಒಕ್ಕಣೆಯ ತಲೆಯಲ್ಲಿ ಸಂಸ್ಕೃತದ 'ಆ' ಕೂಡ 'ವರೆಗೆ' ಎಂದೇ ಹೇಳುತ್ತದೆ, ಬಾಲದಲ್ಲಿ ಕನ್ನಡದ 'ಬರಂ' ಕೂಡ ಅದನ್ನೇ ಹೇಳುತ್ತದೆ. ಸಂಸ್ಕೃತದ ಅವ್ಯಯೀಭಾವವನ್ನು ಇಡಿಯಾಗಿ ತೆಗೆದುಕೊಂಡ ಕನ್ನಡದ ಲೇಖಕನಿಗೆ ಅದರ ಅರ್ಥ ಮುಗಿದಂತೆ ತೋರಲಿಲ್ಲ, ತನ್ನ ಮಾತಿನ 'ಬರಂ' ಎಂಬುದನ್ನೂ ಹಚ್ಚಿದ. ಒಂದೇ ಅರ್ಥವನ್ನು ಎರಡು ಭಾಷೆಗಳು ಎರಡು ತುದಿಯಲ್ಲಿ ಹಿಡಿದಿರುವ ಈ ಸಂಗತಿ 'ಅಂಬರ' ಎಂದು ಓದಿದವನಿಗೆ ಕಾಣುವುದೇ ಇಲ್ಲ.

ನಾಲ್ಕನೆಯದು 'ಸಲುತ್ತಮಿರೆ'. 'ಸಲುತ್ತಂ' ಮತ್ತು 'ಇರೆ' ಎಂಬ ಎರಡು ಪದಗಳು ಬಿಂದು ಮಕಾರವಾಗಿ ಬೆಸೆದಿವೆ. ಇಂದಿನ 'ಸಲ್ಲುತ್ತಿರೆ' ಎಂಬಲ್ಲಿ ಆ ಬೆಸುಗೆ ಎಷ್ಟು ಗಟ್ಟಿಯಾಗಿದೆಯೆಂದರೆ ಎರಡು ಕ್ರಿಯಾಪದಗಳಿವೆಯೆಂದು ಯಾರೂ ಎಣಿಸುವುದಿಲ್ಲ.

ಇಂಥ ಪ್ರಶ್ನೆಗಳಿಗೆ ನಮ್ಮ ವೈಯಾಕರಣರು ಏನು ಹೇಳಿದ್ದಾರೆ? ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಮೊದಲ ಪ್ರಕರಣವೇ ಸಂಧಿ, ಕೊನೆಯದು ಅವ್ಯಯ. 1604ರ ಭಟ್ಟಾಕಳಂಕನ ಶಬ್ದಾನುಶಾಸನವೂ ಇವೆರಡನ್ನೂ ಕೂಲಂಕಷವಾಗಿ ವಿಚಾರಿಸುತ್ತದೆ. ಆದರೆ ಇವರಲ್ಲಿ ಯಾರೂ ತೆರಪಿನ ಮಾತೆತ್ತುವುದಿಲ್ಲ. ಎತ್ತುವ ಕಾರಣವೂ ಇರಲಿಲ್ಲ, ಅವರ ಮುಂದಿದ್ದ ಓಲೆಗರಿಯಲ್ಲಿ ತೆರಪೆಂಬುದೇ ಇರಲಿಲ್ಲವಲ್ಲ. ಅವರು ಕೇಳಿದ್ದು ಎರಡು ಪದಗಳು ಅಡಕವಾಗಿ ಬಂದಾಗ ದನಿ ಏನಾಗುತ್ತದೆ ಎಂಬುದನ್ನು. ಎಲ್ಲಿ ಸಂಧಿಯಾಗುತ್ತದೆ, ಎಲ್ಲಿ ಪ್ರಕೃತಿಭಾವವಾಗಿ ಪದಗಳು ಇದ್ದಂತೆಯೇ ಉಳಿಯುತ್ತವೆ ಎಂಬ ಅವರ ವಿಚಾರದಲ್ಲಿಯೇ ನಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗವಿದೆ. ನಾವು ಅದನ್ನು ಅಚ್ಚಿನ ಪುಟಕ್ಕೆ ಅನ್ವಯಿಸಿಕೊಳ್ಳಬೇಕಷ್ಟೆ.

ಅಚ್ಚು ಬಂದ ಮೇಲೆ ತೆರಪು ಬಂತು. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗರ ಮಂಗಳೂರ ಸಮಾಚಾರ ಹೊರಟ ಕಾಲದಿಂದ ಮುಂದಿನ ಗದ್ಯವೆಲ್ಲ ಕಣ್ಣಿನಿಂದ ಮೌನವಾಗಿ ಓದುವ ಗದ್ಯ. ಅದಕ್ಕೆ ಪದಗಳ ನಡುವೆ ಬಿಡುವು ಬೇಕು. ಆದರೆ ಎಲ್ಲಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಕಟ್ಟಳೆ ಹುಟ್ಟಲಿಲ್ಲ. ನೆರೆಯ ಭಾಷೆಗಳನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಹಿಂದಿ, ಮರಾಠಿ ಎರಡಕ್ಕೂ ದೇವನಾಗರಿಯೇ ಲಿಪಿ. ಹಿಂದಿಯಲ್ಲಿ ವಿಭಕ್ತಿಸೂಚಕವನ್ನು ನಾಮಪದದಿಂದ ಬಿಡಿಸಿ ಬರೆಯುತ್ತಾರೆ, ಸರ್ವನಾಮಕ್ಕೆ ಮಾತ್ರ ಕೂಡಿಸುತ್ತಾರೆ. 'ರಾಮ್ ನೇ' ಎರಡು ಪದ, 'ಉಸ್‌ನೇ' ಒಂದು ಪದ. ಮರಾಠಿಯಲ್ಲಿ ವಿಭಕ್ತಿಪ್ರತ್ಯಯವಿರಲಿ, ಶಬ್ದಯೋಗಿ ಅವ್ಯಯವಿರಲಿ, ಹಿಂದಿನ ಪದಕ್ಕೆ ಅಂಟಿಸಿಯೇ ಬರೆಯಬೇಕು. ನಮ್ಮ 'ಮನೆಯ ಮೇಲೆ' ಎಂಬುದು ಅವರಿಗೆ 'ಘರಾವರ್' ಎಂಬ ಒಂದೇ ಪದ. ಲಿಪಿಯೊಂದೇ ಆದರೂ ಪದ್ಧತಿ ಬೇರೆ. ಆದುದರಿಂದ ತೆರಪಿನ ನಿಯಮವು ಲಿಪಿಯಿಂದ ತಾನಾಗಿ ಹುಟ್ಟುವುದಲ್ಲ. ಆಯಾ ಭಾಷೆಯ ರಚನೆಯನ್ನು ನೋಡಿ ಒಪ್ಪಿಕೊಳ್ಳಬೇಕಾದುದು.

ಕನ್ನಡದ ರಚನೆ ಏನು ಹೇಳುತ್ತದೆ? ಈ ಸೀಮೆಯ ಊರುಗಳ ಹೆಸರುಗಳಲ್ಲಿಯೇ ಅದಕ್ಕೆ ಸೂಚನೆಗಳಿವೆ. 'ಹಿರಿಯೂರು' ಎಂಬುದನ್ನು 'ಹಿರಿ ಯೂರು' ಎಂದು ಯಾರೂ ಬಿಡಿಸುವುದಿಲ್ಲ. 'ಯೂರು' ಎಂಬ ಪದ ಕನ್ನಡದಲ್ಲಿಲ್ಲ; ಯಕಾರವು ಎರಡು ಸ್ವರಗಳ ನಡುವೆ ಬಂದ ಆಗಮ. ಆಗಮವಾಗಲಿ ಆದೇಶವಾಗಲಿ ಆದ ಮೇಲೆ ಆ ಕೀಲಿನ ಬಳಿ ತೆರಪು ಸಲ್ಲದೆಂಬುದು ಮೊದಲ ನಿಯಮ. 'ಹೊಸ ಕನ್ನಡ' ಎಂದೂ ಬರೆಯಬಹುದು, 'ಹೊಸಗನ್ನಡ' ಎಂದೂ ಬರೆಯಬಹುದು. 'ಹೊಸ ಗನ್ನಡ' ಎಂದು ಬರೆಯಲಾಗದು. ಹಾಗೆಯೇ 'ಕೋಟೆಯೊಳಗೆ' ಎಂಬುದು ಒಂದು ಪದ, 'ಕೋಟೆಯ ಒಳಗೆ' ಎಂಬುದು ಎರಡು. ಎರಡೂ ಶುದ್ಧ. ಆಗಬಾರದ್ದು ನಡುವಿನ 'ಕೋಟೆ ಯೊಳಗೆ'. ಕೈಬರಹದಲ್ಲಿಯೂ ಬೆರಳಚ್ಚಿನಲ್ಲಿಯೂ ಸಾಲಿನ ತುದಿ ಬಂದಾಗ ಇಂಥವು ಹುಟ್ಟುತ್ತವೆ.

'ಹೊಸದುರ್ಗ'ದಲ್ಲಿ ಸಂಧಿಕಾರ್ಯವಿಲ್ಲ. ಅಲ್ಲಿ ಕಿವಿ ನೆರವಾಗದು, ಅರ್ಥವೇ ನೋಡಬೇಕು. 'ಹೊಸ ದುರ್ಗ' ಎಂದರೆ ಈಚೆಗೆ ಕಟ್ಟಿದ ಯಾವುದೋ ಕೋಟೆ. 'ಹೊಸದುರ್ಗ' ಎಂದರೆ ಒಂದು ಊರು, ಆ ಕೋಟೆ ಎಷ್ಟು ಹಳತಾದರೂ ಸರಿಯೆ. ಕಾಸರಗೋಡಿನ ಕಡೆಯೂ ಒಂದು ಹೊಸದುರ್ಗವಿದೆ. ಅದೂ ಹೊಸದಾಗಿ ಉಳಿದಿಲ್ಲ. 'ಹೊಳಲ್ಕೆರೆ'ಯಲ್ಲಿ ಇನ್ನೊಂದು ಬಗೆ. ಪಟ್ಟಣವೆಂಬ ಅರ್ಥದ 'ಹೊಳಲ್' ಬಳಕೆಯಿಂದ ಬಿಟ್ಟುಹೋಗಿರುವುದರಿಂದ ಬಿಡಿಸಿದರೆ ಮೊದಲ ತುಂಡು ಇಂದಿನವರಿಗೆ ಅರ್ಥವೇ ಆಗದು. ಒಂಟಿಯಾಗಿ ನಿಲ್ಲಲಾರದ ತುಂಡಿಗೆ ಒಂಟಿಯಾದ ಜಾಗ ಕೊಡಬಾರದು. ಇದನ್ನು ಎರಡನೆಯ ನಿಯಮವೆನ್ನಬಹುದು.

ಈ ಸೂಚನೆಗಳನ್ನು ಚಿಕ್ಕ ಪದಗಳಿಗೆ ಅನ್ವಯಿಸೋಣ. 'ಊ', 'ಏ', 'ಓ' ಎಂಬ ಅವ್ಯಯಗಳ ವಿಷಯದಲ್ಲಿ ವಾದವೇ ಇಲ್ಲ; ಅವು ಹಿಂದಿನ ಪದದ ಕೊನೆಯ ಅಕ್ಷರದೊಳಗೇ ಸೇರಿಹೋಗುತ್ತವೆ. 'ಗಿಂತ', 'ಓಸ್ಕರ', 'ಇಂದ' ಒಂಟಿಯಾಗಿ ನಿಲ್ಲಲಾರವು, ಅವನ್ನೂ ಕೂಡಿಸಬೇಕು. ತೊಡಕಿರುವುದು 'ಮೇಲೆ', 'ಕೆಳಗೆ', 'ಹಿಂದೆ', 'ಬಳಿ', 'ಜೊತೆ', 'ಬಗ್ಗೆ' ಎಂಬ ಗುಂಪಿನಲ್ಲಿ. ಇವು ಹೆಚ್ಚಾಗಿ ಷಷ್ಠಿಯ ಮುಂದೆ ಬರುತ್ತವೆ, ಮತ್ತು ಷಷ್ಠಿಗೂ ಇವಕ್ಕೂ ನಡುವೆ ಇನ್ನೊಂದು ಪದಕ್ಕೆ ಎಡೆಯುಂಟು. 'ಬೆಟ್ಟದ ಮೇಲೆ' ಎನ್ನುವಂತೆಯೇ 'ಬೆಟ್ಟದ ತುಸು ಮೇಲೆ' ಎನ್ನಬಹುದು, 'ಊರಿನ ಹಿಂದೆ' ಎನ್ನುವಂತೆಯೇ 'ಊರಿನ ಸ್ವಲ್ಪ ಹಿಂದೆ' ಎನ್ನಬಹುದು. 'ಹಿರಿಯೂರಿಗಿಂತ' ಎಂಬುದರೊಳಗೆ ಹೀಗೆ ಏನನ್ನೂ ತೂರಿಸಲಾಗದು. ಪದ ತೂರುವ ಕಡೆ ತೆರಪಿರಲಿ, ತೂರದ ಕಡೆ ಬೇಡ ಎಂಬುದು ನನ್ನ ಅಭಿಪ್ರಾಯ. ಷಷ್ಠಿಯ ಪ್ರತ್ಯಯ ಬಿದ್ದುಹೋದರೆ ಲೆಕ್ಕ ಬದಲಾಗುತ್ತದೆ. 'ಕೋಟೆಯ ಮೇಲೆ' ಎರಡು ಪದ. ಆಡುಮಾತಿನ 'ಕೋಟೆಮೇಲೆ' ಸಮಾಸ, ಆದ್ದರಿಂದ ಒಂದು ಪದ. ಸಂಸ್ಕೃತದ 'ಮಾತ್ರ' ಕೂಡ ಹೀಗೆಯೇ ನಡೆಯುತ್ತದೆ: 'ನಾಮಮಾತ್ರ' ಕೂಡಿಕೆ, 'ಹೆಸರಿಗೆ ಮಾತ್ರ' ಬಿಡಿಕೆ.

ಇಷ್ಟರಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಮತ್ತೆ 'ವರೆಗೆ' ಎಂಬುದಕ್ಕೇ ಬರೋಣ. ಒಂಟಿಯಾಗಿ ನಿಲ್ಲದ ಕಾರಣ ಕೂಡಿಸಿ 'ಹೊಳಲ್ಕೆರೆಯವರೆಗೆ' ಎಂದು ಬರೆಯುವುದೇ ರೂಢಿ. ಆದರೆ 'ಹೊಳಲ್ಕೆರೆಯವರಿಗೆ' ಎಂಬ ಇನ್ನೊಂದು ರೂಪವುಂಟು. ಆ ಊರಿನ ಜನಕ್ಕೆ ಎಂದು ಅದರ ಅರ್ಥ. ಎರಡಕ್ಕೂ ಇರುವ ಭೇದ ಒಂದು ಗುಣಿತದ ಚಿಹ್ನೆ ಮಾತ್ರ. 'ಹೊಸದುರ್ಗದವರಿಗೆ ದಾರಿ' ಎಂದು ಅಚ್ಚಾದರೆ ದಾರಿ ಅಲ್ಲಿಗೆ ಹೋಗುತ್ತದೆಯೋ, ಅಲ್ಲಿಯವರಿಗೆ ಮೀಸಲೋ ಎಂದು ಕರಡು ತಿದ್ದುವವರು ವಾಕ್ಯವನ್ನೆಲ್ಲ ಓದಿಯೇ ತಿಳಿಯಬೇಕು. ತೆರಪು ಕೊಟ್ಟು 'ಹೊಸದುರ್ಗದ ವರೆಗೆ' ಎಂದು ಬರೆಯುವವರಿಗೆ ಈ ಅಪಾಯ ಕಡಿಮೆ. ಅವರ ಕಡೆಯೂ ನ್ಯಾಯವಿದೆಯೆಂದು ಒಪ್ಪಬೇಕು. ಆದರೂ ನಾನು ಕೂಡಿಕೆಯ ಪಕ್ಷದವನೇ. 'ಅಲ್ಲಿವರೆಗೆ', 'ಇದುವರೆಗೆ' ಎಂಬಲ್ಲಿ ಯಾರೂ ಬಿಡಿಸುವುದಿಲ್ಲವಾಗಿ ಒಂದೇ ಅವ್ಯಯಕ್ಕೆ ಎರಡು ನಡೆ ಏಕೆ?

ಇನ್ನು ಕೆಲವು ಕಡೆ ಸಂಧಿಯೇ ಅರ್ಥವನ್ನು ಮುಚ್ಚುತ್ತದೆ. 'ಅವನಲ್ಲಿಲ್ಲ' ಎಂಬುದನ್ನು 'ಅವನು ಅಲ್ಲಿ ಇಲ್ಲ' ಎಂದೂ ಒಡೆಯಬಹುದು, 'ಅವನಲ್ಲಿ ಇಲ್ಲ' ಎಂದೂ ಒಡೆಯಬಹುದು. ಮೊದಲನೆಯದರಲ್ಲಿ 'ಅಲ್ಲಿ' ಸ್ಥಳವಾಚಕ ಪದ. ಎರಡನೆಯದರಲ್ಲಿ ಸಪ್ತಮಿಯ ಪ್ರತ್ಯಯ. ಗದ್ಯದಲ್ಲಿ ಇಂಥಲ್ಲಿ ಬಿಡಿಸಿ ಬರೆಯುವುದೇ ಓದುಗನಿಗೆ ಉಪಕಾರ. 'ಹೇಳಿ ಕೊಟ್ಟನು' ಎಂದರೆ ಏನನ್ನೋ ಹೇಳಿ ಏನನ್ನೋ ಕೊಟ್ಟನು. 'ಹೇಳಿಕೊಟ್ಟನು' ಎಂದರೆ ಕಲಿಸಿದನು. ಇಲ್ಲಿ ಸಂಧಿಯ ಸುಳುಹಿಲ್ಲ, ತೆರಪೊಂದೇ ಗುರುತು.

ಸಪ್ತಮಿಯ ಮಾತು ಬಂದದ್ದರಿಂದ ಒಂದನ್ನು ಹೇಳಲೇಬೇಕು. 'ಪ್ರತ್ಯಯವನ್ನು ಕೂಡಿಸಿ, ಸ್ವತಂತ್ರ ಪದವನ್ನು ಬಿಡಿಸಿ' ಎಂಬ ಸೂತ್ರ ಕೇಳಲು ಸೊಗಸಾಗಿದೆ. ಆದರೆ ಯಾವುದು ಪ್ರತ್ಯಯ, ಯಾವುದು ಪದ ಎಂಬುದು ಕಾಲಕಾಲಕ್ಕೆ ಸರಿಯುತ್ತ ಬಂದಿದೆ. ಹಳಗನ್ನಡದ ಸಪ್ತಮಿಯಾದ 'ಒಳ್' ಎಂಬುದಕ್ಕೂ ಇಂದಿನ 'ಒಳಗೆ' ಎಂಬ ಪದಕ್ಕೂ ಮೂಲವೊಂದೇ. 'ಅಲ್ಲಿ' ಸ್ಥಳವಾಚಕವಾಗಿ ಇಂದಿಗೂ ಬದುಕಿದೆ; ಹಾಗಿದ್ದೂ 'ದುರ್ಗದಲ್ಲಿ' ಎಂಬಲ್ಲಿ ಪ್ರತ್ಯಯವಾಗಿ ನೆಲೆಗೊಂಡಿದೆ. 'ದುರ್ಗದ ಅಲ್ಲಿ' ಎಂದು ಇಂದು ಯಾರೂ ಬರೆಯರು. 'ಬಗ್ಗೆ', 'ಜೊತೆ' ಎಂಬವು ಮುಂದೊಂದು ದಿನ ಇದೇ ಹಾದಿ ಹಿಡಿಯಬಹುದು, ಆಡುಮಾತಿನ 'ನಂಜೊತೆ' ಎಂಬಲ್ಲಿ ಈಗಾಗಲೇ ಅರ್ಧ ದಾರಿ ಬಂದಾಗಿದೆ. ತೆರಪಿನ ನಿಯಮ ಯಾವುದೇ ಆದರೂ ಅದು ಆ ಕಾಲದ ಭಾಷೆಗೆ ಸಲ್ಲುವುದು. ಇಂದಿನ ನಿಯಮವನ್ನು ಹನ್ನೊಂದನೆಯ ಶತಮಾನದ ಕಲ್ಲಿಗೆ ಹೊರಿಸುವುದು ಸರಿಯಲ್ಲ.

ಹಾಗಾದರೆ ಶಾಸನಪಾಠವನ್ನು ಅಚ್ಚುಮಾಡುವವರು ಏನು ಮಾಡಬೇಕು? ಅಕ್ಷರ ಬದಲಾಗದ ಕಡೆ ಮಾತ್ರ ತೆರಪು ಕೊಡುವುದು ಕ್ಷೇಮ. 'ತಾರಂ ಬರಂ' ಎಂದು ಬಿಡಿಸಿದರೆ ಬಿಂದು ಇದ್ದಲ್ಲೇ ಇರುತ್ತದೆ, ಬಕಾರವೂ ಹಾಗೆಯೇ. ಪಾಠಕ್ಕೆ ಕುಂದಿಲ್ಲ, ಓದುಗನಿಗೆ ಅಂಬರದ ಭ್ರಮೆಯೂ ಇಲ್ಲ. 'ಬರಂ ಸಲುತ್ತಮಿರೆ' ಎಂಬಲ್ಲಿಯೂ ತೆರಪು ನಿರಪಾಯ. 'ಪ್ರವರ್ಧಮಾನಮಾಚಂದ್ರಾರ್ಕ' ಎಂಬುದನ್ನು ಮಾತ್ರ ಕಲ್ಲಿನಲ್ಲಿದ್ದಂತೆಯೇ ಬಿಟ್ಟು, ಬಿಡಿಕೆಯನ್ನು ಟಿಪ್ಪಣಿಯಲ್ಲಿ ತೋರಿಸಬೇಕು. ಏಕೆಂದರೆ ಅಲ್ಲಿ ಬಿಡಿಸುವುದೆಂದರೆ ಕಂಡರಣೆಕಾರನು ಬರೆಯದಿದ್ದುದನ್ನು ಬರೆಯುವುದು. ಆಧುನಿಕ ಗದ್ಯ ಬರೆಯುವವನಿಗೆ ಈ ಕಟ್ಟುಪಾಡಿಲ್ಲ. ಅವನು ತನ್ನ ಸಂಧಿಯನ್ನು ತಾನೇ ಬಿಡಿಸಿಕೊಳ್ಳಬಲ್ಲ.

ಪದಸೂಚಿಯನ್ನು ಸಿದ್ಧಪಡಿಸುವಾಗ ಈ ವಿಚಾರ ಇನ್ನೂ ತೀಕ್ಷ್ಣವಾಗುತ್ತದೆ. ಪಾಠದಲ್ಲಿ ಎಡೆಯಿಲ್ಲದೆ 'ಆಚಂದ್ರಾರ್ಕತಾರಂಬರಂ' ಎಂದಿದ್ದು, ಸೂಚಿಕಾರನು ತೆರಪಿನಿಂದ ತೆರಪಿಗೆ ಪದಗಳನ್ನು ಎತ್ತಿಕೊಂಡರೆ ಆ ಪದ ಅಕಾರಾದಿಯಲ್ಲಿ 'ಆ' ಅಕ್ಷರದ ಕೆಳಗೆ ಒಂದೇ ಉಲ್ಲೇಖವಾಗಿ ಕೂರುತ್ತದೆ. 'ಬ' ಅಕ್ಷರದ ಕೆಳಗೆ 'ಬರಂ' ಬರುವುದೇ ಇಲ್ಲ. ಗಣಕದಲ್ಲಿ ಇಡೀ ಪದವನ್ನು ಹುಡುಕುವವರಿಗೂ ಇದೇ ಗತಿ. 'ವರೆಗೆ' ಎಂಬ ಅವ್ಯಯದ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ಸೂಚಿಯನ್ನು ತೆರೆದು, ಈ ಶಾಸನಗಳಲ್ಲಿ 'ಬರಂ' ಇಲ್ಲವೆಂದು ಬರೆದಿಟ್ಟುಕೊಂಡು ಮುಂದೆ ಹೋಗುತ್ತಾನೆ. ದಾನಶಾಸನಗಳ ಮೊದಲ ಕೆಲವು ಸಾಲುಗಳಲ್ಲಿಯೇ ಅದು ಎದುರಿಗೆ ನಿಂತಿರುತ್ತದೆ. ಆದ್ದರಿಂದ ಪಾಠದಲ್ಲಿ ಬಿಡಿಸದೆ ಉಳಿಸಿದ ಕೂಡಿಕೆಗಳನ್ನು ಸೂಚಿಯಲ್ಲಿ ಬಿಡಿಸಿ, ಪ್ರತಿಯೊಂದು ತುಂಡನ್ನೂ ಅದರದರ ಅಕ್ಷರದ ಕೆಳಗೆ ಕೊಡಬೇಕು. 'ಬರಂ' ಎಂಬುದರ ಎದುರಿಗೆ ಶಾಸನದ ಸಂಖ್ಯೆ, ಸಾಲಿನ ಸಂಖ್ಯೆ, ಮತ್ತು ಅದು ಅಂಟಿಕೊಂಡಿರುವ ಪೂರ್ಣರೂಪ ಇವಿಷ್ಟು ಇದ್ದರೆ ಸಾಕು.